ಶ್ರೀ ಏಕಕಂಪನಿ ವ್ರತ ಮಹಾತ್ಮೆ

ಪಕ್ಕದ ಮನೆಯ ಹುಡುಗನಿಗೆ ಮಂಗಳೂರಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಕೆಲಸವಾಗಿದೆ. ನೇಮಕಾತಿ ಪತ್ರದಲ್ಲಿ ಸಂಬಳದ ವಿಚಾರ ಒಂದು ಸಾಲಿನಲ್ಲಿ ಮುಗಿದು, ವ್ರತದ ವಿಧಿವಿಧಾನ ಒಂದೂವರೆ ಪುಟ ಹರಿದಿದೆ. ನೌಕರನು ತನ್ನ ಸಂಪೂರ್ಣ ಸಮಯವನ್ನೂ ಗಮನವನ್ನೂ ಕಂಪನಿಗೇ ಮೀಸಲಿಡತಕ್ಕದ್ದು. ಪ್ರತಿಫಲವಿರಲಿ ಇಲ್ಲದಿರಲಿ, ಲಿಖಿತ ಪೂರ್ವಾನುಮತಿಯಿಲ್ಲದೆ ಬೇರಾವ ಉದ್ಯೋಗ, ವ್ಯಾಪಾರ, ವೃತ್ತಿಯಲ್ಲೂ ತೊಡಗತಕ್ಕದ್ದಲ್ಲ.

ಹುಡುಗ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ವೇಷ ಮಾಡುತ್ತಾನೆ. ಕೊಟ್ಟರೆ ಒಂದು ಶಾಲು, ಒಂದು ಲಕೋಟೆ. ಪಾಪ, ಪತ್ರವನ್ನು ಪೂರ್ತಿ ಓದುವ ಕೆಟ್ಟ ಅಭ್ಯಾಸ ಅವನಿಗೆ. ಅನುಮತಿ ಕೇಳಿ ಎಚ್‌ಆರ್‌ಗೆ ಬರೆದ. ಒಂದು ನಮೂನೆ ಬಂತು. "ಮಾವ, ಎರಡನೆಯ ಉದ್ಯೋಗದಾತರ ಹೆಸರು ಎಂದು ಕೇಳಿದ್ದಾರೆ, ಏನು ಬರೆಯಲಿ?" ಎಂದ. ಬಯಲಾಟ ಹರಕೆಯದ್ದಾದರೆ ದೇವರ ಹೆಸರನ್ನೇ ಬರೆ ಮಾರಾಯ ಎಂದೆ. ಅದರ ಕೆಳಗಿನ ಪ್ರಶ್ನೆ, ಅವರು ನಮ್ಮ ಸಂಸ್ಥೆಯ ಪ್ರತಿಸ್ಪರ್ಧಿಗಳೇ ಎಂಬುದು.

ಈ ಷರತ್ತನ್ನು ಅಕ್ಷರಶಃ ಜಾರಿ ಮಾಡಿದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಿಗೆ ಒಟ್ಟಿಗೆ ನೋಟಿಸ್ ಕೊಡಬೇಕು. ಹಗಲು ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದವರು ರಾತ್ರಿ ದೊಂದಿ ಬೆಳಕಿನಲ್ಲಿ ಮಹಿಷಾಸುರನಾಗಿ ಬೊಬ್ಬೆ ಹೊಡೆದ ಊರು ಇದು. ಮೇಷ್ಟ್ರಿಗೆ ಅಡಿಕೆ ತೋಟ, ಗುಮಾಸ್ತರಿಗೆ ಎಲ್‌ಐಸಿ, ಅಂಗಡಿಯವರಿಗೆ ಪಿಗ್ಮಿ. ಪಿಗ್ಮಿ ಎಂದಾಗ ನೆನಪಾಯಿತು. ಡಾ. ಟಿ.ಎಂ.ಎ. ಪೈ ವೃತ್ತಿಯಲ್ಲಿ ವೈದ್ಯರು. 1925ರಲ್ಲಿ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದರು. ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಶುರುವಾಯಿತು, 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು. ಅತ್ತ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಎಂಬ ವಕೀಲರು 1906ರಲ್ಲಿ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದಕ್ಕೂ ಮೊದಲೇ ಶಾಲೆ ತೆರೆದಿದ್ದರು. ಆ ಕಾಲಕ್ಕೆ ಎಚ್‌ಆರ್ ಇದ್ದಿದ್ದರೆ ಡಾಕ್ಟರಿಗೆ "ರೋಗಿಗಳ ಮೇಲಿನ ಗಮನ ಚದುರಿದೆ" ಎಂದು ಕಾರಣ ಕೇಳಿ ನೋಟಿಸ್ ಹೋಗುತ್ತಿತ್ತು. ನಾವು ಹಣ ಇಡುವುದಕ್ಕೆ ಈಗಲೂ ಅಕ್ಕಿ ಡಬ್ಬವನ್ನೇ ನಂಬಿರುತ್ತಿದ್ದೆವು.

ಇರಲಿ, ಕಾನೂನಿಗೆ ಬರೋಣ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಯಾರದೇ ವೃತ್ತಿ ವ್ಯಾಪಾರಕ್ಕೆ ತಡೆಯೊಡ್ಡುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ. ಇದನ್ನು ಓದಿದ ಕೂಡಲೇ ನಮ್ಮ ಹುಡುಗರು ಗೆದ್ದೆವೆಂದು ಕುಣಿಯುತ್ತಾರೆ. ಸ್ವಲ್ಪ ತಡೆಯಿರಿ. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಬೇರೆಲ್ಲೂ ಸೇರಕೂಡದು ಎಂಬಂಥ ಷರತ್ತಿಗೆ ಈ ಕಲಮು ಯಮ. ಕೆಲಸದಲ್ಲಿ ಇರುವಷ್ಟು ಕಾಲ ಇನ್ನೊಬ್ಬರಿಗೆ ದುಡಿಯಕೂಡದು ಎಂಬ ಷರತ್ತನ್ನು ಮಾತ್ರ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುತ್ತವೆ. ಗೋಲಿಕರಿ ಎಂಬವರು ಸೆಂಚುರಿ ಕಂಪನಿಯ ಟಯರ್ ನೂಲಿನ ವಿಭಾಗಕ್ಕೆ ಐದು ವರ್ಷದ ಕರಾರಿನ ಮೇಲೆ ಸೇರಿ, ತರಬೇತಿ ಪಡೆದು, ಅವಧಿ ಮುಗಿಯುವ ಮೊದಲೇ ಕೋಟಾದ ಪ್ರತಿಸ್ಪರ್ಧಿ ಕಂಪನಿಗೆ ಹೋದರು. ಕರಾರಿನ ಅವಧಿಯವರೆಗೆ ಆ ತಡೆ ಸಮಂಜಸ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಆದ್ದರಿಂದ ಸಹಿ ಹಾಕಿದ ವ್ರತಕ್ಕೆ ಬೆಲೆಯಿದೆ. ಭಂಗವಾದರೆ ಜೈಲಿಲ್ಲ, ಕೆಲಸ ಹೋಗುತ್ತದೆ. ಕಂಪನಿ ನಷ್ಟ ಕೇಳುವುದಾದರೆ ನಷ್ಟ ಏನಾಯಿತೆಂದು ತೋರಿಸಬೇಕು. ಕಚೇರಿಯ ಲ್ಯಾಪ್‌ಟಾಪಿನಲ್ಲೇ ದಕ್ಕೆಯ ಮೀನು ವ್ಯಾಪಾರಿಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟಿದ್ದರಂತೂ ಅದು ಯಾರ ಸ್ವತ್ತು ಎಂಬ ಬೇರೆಯೇ ತಕರಾರು ಹುಟ್ಟುತ್ತದೆ.

2022ರ ಕಥೆ ನಿಮಗೆ ಗೊತ್ತೇ ಇದೆ. ಕೆಲಸದಲ್ಲಿದ್ದುಕೊಂಡೇ ಹೊರಗೆ ಇನ್ನೊಂದು ಕೆಲಸ ಮಾಡುವುದನ್ನು ವಿಪ್ರೋದ ರಿಷದ್ ಪ್ರೇಮ್‌ಜಿ ಅಪ್ಪಟ ವಂಚನೆ ಎಂದರು. 300 ಮಂದಿಯನ್ನು ಮನೆಗೆ ಕಳುಹಿಸಿದ್ದನ್ನೂ ಹೇಳಿದರು. ಆ 300 ಮಂದಿ ಸಿಕ್ಕಿಬಿದ್ದದ್ದು ಪ್ರತಿಸ್ಪರ್ಧಿ ಕಂಪನಿಗಳಿಗೇ ಏಕಕಾಲದಲ್ಲಿ ದುಡಿಯುತ್ತಿದ್ದುದಕ್ಕೆ, ಶಾಲು ಹೊದ್ದದ್ದಕ್ಕಲ್ಲ. ಇನ್ಫೋಸಿಸ್ ಸೆಪ್ಟೆಂಬರಿನಲ್ಲಿ ಎಚ್ಚರಿಕೆಯ ಪತ್ರ ಕಳುಹಿಸಿ, ಮರುತಿಂಗಳೇ ಅನುಮತಿ ಪಡೆದು ಹೊರಗಿನ ಸಣ್ಣ ಕೆಲಸ ಮಾಡಬಹುದು ಎಂದಿತು. ನಿಜವಾದ ಗೆರೆ ಇರುವುದು ಇಲ್ಲಿ. ಕೆಲಸ ಪ್ರತಿಸ್ಪರ್ಧಿಯದ್ದೇ, ಕಂಪನಿಯ ಸಮಯವನ್ನು ಕದ್ದದ್ದೇ, ಮೊದಲೇ ಕೇಳಿದ್ದೀರೇ. ಇಷ್ಟನ್ನು ಮೂರು ಸಾಲಿನಲ್ಲಿ ಬರೆದಿದ್ದರೆ ಆಗುತ್ತಿತ್ತು. ಬರೆಯುವುದಿಲ್ಲ. ಎಲ್ಲರನ್ನೂ ಒಳಗೊಳ್ಳುವಷ್ಟು ಅಗಲದ ಬಲೆ ಹಾಕಿಟ್ಟರೆ, ಬೇಡವಾದವನನ್ನು ಬೇಕಾದ ದಿನ ಎತ್ತಬಹುದಲ್ಲ.

ಮತ್ತೆ ಈ ಏಕನಿಷ್ಠೆಯನ್ನು ಬೋಧಿಸುವವರು ಯಾರು? 2013ರ ಕಂಪನಿ ಕಾಯ್ದೆಯ ಪ್ರಕಾರ ಒಬ್ಬ ಮಹಾನುಭಾವ 20 ಕಂಪನಿಗಳಲ್ಲಿ ನಿರ್ದೇಶಕನಾಗಿರಬಹುದು. ಸಾರ್ವಜನಿಕ ಕಂಪನಿಗಳು 10ನ್ನು ಮೀರಬಾರದು, ಅಷ್ಟೇ. ಒಂದು ಕಂಪನಿಯ ಆಡಳಿತ ನಿರ್ದೇಶಕನನ್ನು ಮಂಡಳಿ ಸರ್ವಾನುಮತದಿಂದ ಒಪ್ಪಿದರೆ ಇನ್ನೊಂದು ಕಂಪನಿಯೂ ಅದೇ ಹುದ್ದೆಗೆ ಇಟ್ಟುಕೊಳ್ಳಬಹುದು. ಅಲ್ಲಿ ಗಮನ ಚದುರುವುದಿಲ್ಲ, ಅನುಭವ ಹರಡುತ್ತದೆ. ಹೊಸಬರ ಸಂಬಳವನ್ನು ವರ್ಷಗಟ್ಟಲೆ ಇದ್ದಲ್ಲೇ ಇಟ್ಟು, ಬಾಡಿಗೆ ಏರಿದ್ದು ಕಾಣದವರಂತೆ ಕುಳಿತು, ಶನಿವಾರ ಒಂದು ವೆಬ್‌ಸೈಟ್ ಮಾಡಿಕೊಟ್ಟವನನ್ನು ಕಳ್ಳ ಎನ್ನಲು ಇವರಿಗೆ ನಾಚಿಕೆಯಾಗಬೇಕು. ತಮಾಷೆ ಮಾಡಲು ಹೊರಟವನಿಗೆ ಇಲ್ಲಿ ನಗು ಬರುವುದಿಲ್ಲ.

ಹಾಗೆಂದು ಎರಡು ದೋಣಿಯಲ್ಲಿ ಕಾಲಿಟ್ಟ ವೀರರನ್ನು ಹೊಗಳುತ್ತಿಲ್ಲ. ಅಂಥ ಒಬ್ಬನ ಕಥೆ ಕೇಳಿ, ಹೆಸರು ಬೇಡ. ಮನೆಯಿಂದಲೇ ಕೆಲಸ, ಎರಡು ಕಂಪನಿ, ಎರಡು ಲ್ಯಾಪ್‌ಟಾಪ್, ಎರಡೂ ಕಡೆ ವರ್ಷಕ್ಕೆ 10 ಲಕ್ಷ. ಭವಿಷ್ಯನಿಧಿಗೆ ಒಬ್ಬನಿಗೆ ಒಂದೇ ಯುಎಎನ್ ಸಂಖ್ಯೆ. ಎರಡನೆಯ ಕಂಪನಿಯೂ ಪಿಎಫ್ ಕಟ್ಟತೊಡಗಿದಾಗ ಅದೇ ಸಂಖ್ಯೆಯ ಕೆಳಗೆ ಇನ್ನೊಂದು ಖಾತೆ ಸೇರಿತು. ಮೊದಲ ಕಂಪನಿಗೆ ತಂತಿಯೇನೂ ಹೋಗಲಿಲ್ಲ. ಎರಡು ವರ್ಷ ಸುಖವಾಗಿದ್ದ. ಆಮೇಲೆ ಮೊದಲ ಕಂಪನಿ ಎಲ್ಲರ ಪಿಎಫ್ ಪಾಸ್‌ಬುಕ್ ಕೇಳಿತು. ಅದೇ ತಿಂಗಳಿಗೆ ಎರಡು ಸಂಸ್ಥೆಗಳ ವಂತಿಗೆ ಮುದ್ರಿತವಾಗಿರುವಾಗ ಕಾರಣ ಕೇಳಿ ನೋಟಿಸಿಗೆ ಏನೆಂದು ಉತ್ತರಿಸುವುದು? ವಜಾ. ವಜಾ ಮಾಡಿದ ಪತ್ರವನ್ನು ಮುಂದಿನವರು ಪೂರ್ವಾಪರ ಪರಿಶೀಲನೆಯಲ್ಲಿ ಕೇಳಿಯೇ ಕೇಳುತ್ತಾರೆ. ಎರಡನೆಯ ಕಂಪನಿಯಾದರೂ ಉಳಿಯಿತೆನ್ನುವಿರಾ? ಅವರ ಪತ್ರದಲ್ಲೂ ಅದೇ ಒಂದೂವರೆ ಪುಟ ಇತ್ತು.

ಕೊನೆಗೆ ಬಂದದ್ದು ತೆರಿಗೆ. 2025-26ರ ಹೊಸ ಪದ್ಧತಿಯಲ್ಲಿ 10 ಲಕ್ಷದ ಸಂಬಳದಿಂದ 75,000 ರೂಪಾಯಿ ಪ್ರಮಾಣಿತ ಕಡಿತ ಕಳೆದರೆ ಉಳಿಯುವುದು 9.25 ಲಕ್ಷ. 12 ಲಕ್ಷದೊಳಗೆ ರಿಯಾಯಿತಿ ಸಿಗುವುದರಿಂದ ತೆರಿಗೆ ಸೊನ್ನೆ. ಇನ್ನೊಂದರ ಸುದ್ದಿ ತಿಳಿಯದ ಎರಡೂ ಕಂಪನಿಗಳು ಹೀಗೆಯೇ ಲೆಕ್ಕ ಹಾಕಿ ಒಂದು ಪೈಸೆ ಮುರಿಯಲಿಲ್ಲ. ಆದಾಯ ಒಟ್ಟುಗೂಡಿದರೆ 20 ಲಕ್ಷ, ಕಡಿತ ಒಂದೇ ಸಲ, ಉಳಿದ 19.25 ಲಕ್ಷಕ್ಕೆ ಸೆಸ್ ಸೇರಿ 1,92,400 ರೂಪಾಯಿ ತೆರಿಗೆ. ಮುಂಗಡವಾಗಿ ಕಟ್ಟದ್ದಕ್ಕೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೇರೆ. ಎರಡು ಕಂಪನಿಗಳೂ ಅವನು ತಮ್ಮವನಲ್ಲ ಎಂದು ಕೈತೊಳೆದುಕೊಂಡವು. ಆದಾಯ ತೆರಿಗೆ ಇಲಾಖೆ ಒಂದೇ ಅವನನ್ನು ಎರಡೂ ಕಡೆಯ ನೌಕರನೆಂದು ಸಗೌರವವಾಗಿ ಒಪ್ಪಿಕೊಂಡಿದೆ.