ಮ್ಯೂಟು ಸಮ್ಮತಿ ಲಕ್ಷಣಂ

ನಮ್ಮ ದಾವಣಗೆರೆಯ ಒಂದು ಬಡಾವಣೆ ಸಂಘಕ್ಕೆ ನಾನು ಕಾರ್ಯದರ್ಶಿ. ಅಂದ್ರೆ ನಡಾವಳಿ ಪುಸ್ತಕ ಹೊತ್ಕೊಂಡು ತಿರುಗೋ ಕತ್ತೆ. ಮೊದ್ಲೆಲ್ಲ ಈ ಕೆಲ್ಸ ಸಲೀಸಿತ್ತು ನೋಡ್ರಿ, ಹಾಲ್‌ಗೆ ಜನ ಬರ್ತಿದ್ರು, ಮಂಡಕ್ಕಿ ಮೆಣಸಿನಕಾಯಿ ತಿಂತಿದ್ರು, ಬೈದಾಡ್ತಿದ್ರು, ಎಣ್ಣೆ ಕೈಯಲ್ಲೇ ಸಹಿ ಹಾಕಿ ಹೋಗ್ತಿದ್ರು, ನಾನು "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಬರ್ದು ಮನೆಗೆ ಬರ್ತಿದ್ದೆ. ಪುಸ್ತಕದ ಮೇಲಿನ ಎಣ್ಣೆ ಕಲೆ ನೋಡಿದ್ರೇ ಯಾರ್ಯಾರು ಖುದ್ದು ಹಾಜರಿದ್ರು ಅಂತ ಹೇಳಬಹುದಿತ್ತು.

ಈಗ ಹೈಬ್ರಿಡ್ ಮೀಟಿಂಗ್. ಅರ್ಧ ಜನ ಹಾಲ್‌ನಲ್ಲಿ, ಅರ್ಧ ಜನ ಸ್ಕ್ರೀನ್‌ನಲ್ಲಿ. ಹೈಬ್ರಿಡ್ ಜೋಳ ಕೇಳಿದ್ವಿ, ಹೈಬ್ರಿಡ್ ಟೊಮ್ಯಾಟೊ ಕೇಳಿದ್ವಿ, ಅವು ಇಳುವರಿನಾದ್ರೂ ಕೊಡ್ತವೆ.

ಕಳೆದ ಮೀಟಿಂಗ್ ಕತೆ ಹೇಳ್ತೀನಿ ಕೇಳ್ರಿ. ವಿಷಯ ಒಂದೇ, ಬೋರ್‌ವೆಲ್ ಮೋಟರ್ ಸುಟ್ಟಿದೆ, ಹೊಸದು ತಗೋಬೇಕು, ಎರಡು ಕೊಟೇಶನ್ ಬಂದಿದೆ, ಒಂದು 86,000, ಇನ್ನೊಂದು 94,500. ಕಮಿಟಿ 11 ಜನ, ಸಭೆ ನಡೀಬೇಕಂದ್ರೆ ಕನಿಷ್ಠ 6 ಜನ ಇರಬೇಕು, ಅದೇ ಕೋರಂ. ಹಾಲ್‌ನಲ್ಲಿ ನಾವು ನಾಲ್ಕೇ ಜನ: ಅಧ್ಯಕ್ಷರು, ರಿಟೈರ್ಡ್ ಮೇಷ್ಟ್ರು, ಅಡಿಕೆ ಮಂಡಿ ಸಾಹುಕಾರ್ರು, ನಾನು. ಸ್ಕ್ರೀನ್‌ನಲ್ಲಿ ಮೂರು ಜನ. ಉಪಾಧ್ಯಕ್ಷರು ಬೆಂಗಳೂರಿಗೆ ಕಾರಲ್ಲಿ ಹೋಗ್ತಾ ಇದಾರೆ, ಖಜಾಂಚಿ ಡಲ್ಲಾಸ್‌ನಲ್ಲಿ ಮಗಳ ಬಾಣಂತನಕ್ಕೆ ಹೋಗಿರೋ ಹೆಂಡ್ತಿ ಜೊತೆ ಇದಾರೆ, ಮತ್ತೆ ನಮ್ಮ ಮಹಿಳಾ ಪ್ರತಿನಿಧಿ ಅಕ್ಕೋರು ಎರಡು ರಸ್ತೆ ಆಚೆ ಮನೇಲಿ ಮೊಣಕಾಲು ನೋವು ಅಂತ ಕೂತಿದಾರೆ. ನಾಲ್ಕು ಮತ್ತೆ ಮೂರು ಏಳು, ಕೋರಂ ಆಯ್ತು ಅಂತ ಅಧ್ಯಕ್ಷರು ಗಂಟಲು ಸರಿಮಾಡ್ಕೊಂಡ್ರು.

ಇಲ್ಲೇ ನನಗೊಂದು ತಕರಾರು. ನಮ್ಮ ಬೈಲಾ ಬರ್ದಿದ್ದು ಲ್ಯಾಂಡ್‌ಲೈನ್ ಕಾಲದಲ್ಲಿ, ಅದ್ರಲ್ಲಿ "ಖುದ್ದು ಹಾಜರಿದ್ದ ಸದಸ್ಯರು" ಅಂತ ಸ್ಪಷ್ಟ ಇದೆ. ಕಂಪನಿಗಳಿಗಾದ್ರೆ 2013ರ ಕಂಪನಿ ಕಾಯ್ದೆನೇ ಬೋರ್ಡ್ ಮೀಟಿಂಗ್‌ಗೆ ವಿಡಿಯೋದಲ್ಲಿ ಬಂದ ಡೈರೆಕ್ಟರನ್ನೂ ಕೋರಂಗೆ ಎಣಿಸ್ರಿ ಅನ್ನುತ್ತೆ. ನಮ್ಮದು ಕಂಪನಿ ಅಲ್ಲ, ಸಂಘ, ಮೊದ್ಲು ಬೈಲಾ ತಿದ್ದಬೇಕು ಸರ್ ಅಂದೆ. ಅದಕ್ಕೆ ಅಧ್ಯಕ್ಷರು "ತಿದ್ದೋಕೆ ಮೀಟಿಂಗ್ ಕರಿಬೇಕಲ್ಲ, ಆ ಮೀಟಿಂಗ್‌ಗೆ ಕೋರಂ ಎಲ್ಲಿಂದ ತರ್ತೀಯೋ ತಮ್ಮಾ" ಅಂದ್ರು. ಸುಮ್ನಾದೆ.

ಆದ್ರೂ ಕಂಪನಿಯೋರ ನಿಯಮ ಚೆನ್ನಾಗಿದೆ, ಅದನ್ನೇ ಸಾಲ ತರಣ ಅಂತ ನನ್ನ ಆಸೆ. 2014ರ ನಿಯಮದಲ್ಲಿ ಏನಿದೆ ಅಂದ್ರೆ, ಮೀಟಿಂಗ್ ಶುರುವಾಗ್ತಿದ್ದಂಗೆ ಅಧ್ಯಕ್ಷರು ಹಾಜರಿ ಕರಿಬೇಕು, ವಿಡಿಯೋದಲ್ಲಿ ಇರೋರು ಒಬ್ಬೊಬ್ರೇ ತಮ್ಮ ಹೆಸ್ರು, ಎಲ್ಲಿಂದ ಕೂತು ಮಾತಾಡ್ತಿದೀನಿ, ಅಜೆಂಡಾ ಕಾಗದ ಬಂದಿದೆ, ನನ್ನ ಹತ್ರ ಬೇರೆ ಯಾರೂ ಕೂತು ಮೀಟಿಂಗ್ ಕೇಳ್ತಿಲ್ಲ, ಇಷ್ಟೂ ಹೇಳಬೇಕು. ಸರಿ, ಮಾಡಿಸಿದೆ.

ಉಪಾಧ್ಯಕ್ಷರು ಸ್ಕ್ರೀನ್‌ನಲ್ಲಿ iPhone (2) ಅಂತ ಇದ್ರು. ಹೆಸ್ರು ಹೇಳಿದ್ರು. "ಎಲ್ಲಿದೀರಿ ಸರ್?" "ದುರ್ಗದ ಬೈಪಾಸು." ಬರ್ಕೊಂಡೆ. ಐದು ನಿಮಿಷಕ್ಕೆ ಲೈನ್ ಕಟ್ಟಾಯ್ತು, ಮತ್ತೆ ಬಂದ್ರು, "ಈಗ?" ಅಂದೆ, "ಐಮಂಗಲ ಬರ್ತಾ ಇದೆ." ಹೊಡೆದು ಹಾಕಿ ಐಮಂಗಲ ಅಂತ ಬರ್ದೆ. ಕೊನೆಗೆ ನನ್ನ ಪುಸ್ತಕ ಕೆಎಸ್ಸಾರ್ಟಿಸಿ ಬಸ್ಸಿನ ಟ್ರಿಪ್‌ಶೀಟ್ ಆಯ್ತು. ಅಕ್ಕೋರು "ನನ್ನ ಹತ್ರ ಯಾರೂ ಇಲ್ಲಪ್ಪ" ಅಂದ್ರು, ಹಿಂದಿಂದ ಅವರ ಅತ್ತೆ "ಯಾರ್ಹತ್ರ ಮಾತಾಡ್ತಿದ್ದೀಯೇ, ನಾನು ಇಲ್ಲೇ ಇದೀನಲ್ಲ" ಅಂದ್ರು. ಅದನ್ನ ಯಾವ ಕಾಲಂನಲ್ಲಿ ಬರಿಯೋದು?

ಇಷ್ಟೊತ್ತಿಗೆ ಮಂಡಿ ಸಾಹುಕಾರ್ರು ಹಾಲ್‌ನಲ್ಲೇ ನನ್ನ ಪಕ್ಕ ಕೂತು ತಮ್ಮ ಮೊಬೈಲಲ್ಲೂ ಮೀಟಿಂಗ್ ಜಾಯಿನ್ ಆಗಿದ್ರು, ಯಾಕೆ ಅಂದ್ರೆ "ಮುಖ ಕಾಣ್ಲಿ ಅಂತ". ಒಂದೇ ರೂಮಲ್ಲಿ ಎರಡು ಮೈಕು ಎರಡು ಸ್ಪೀಕರ್ ಆನ್ ಇದ್ರೆ ಒಂದರ ಸದ್ದು ಇನ್ನೊಂದು ನುಂಗಿ ವಾಪಸ್ ಉಗಿಯುತ್ತೆ, ಹಂಗಾಗಿ ಅಧ್ಯಕ್ಷರು ಒಂದು ಸಲ "ಮೋಟರ್" ಅಂದ್ರೆ ಮೋಟರ್ ಟರ್ ಟರ್ ಟರ್ ಅಂತ ಸುಟ್ಟ ಮೋಟರೇ ಎದ್ದು ಬಂದಂಗೆ ಕೇಳಿಸ್ತು. ಮೊಬೈಲಲ್ಲಿ ಆಡಿಯೋ ಬಂದ್ ಮಾಡಿದ್ರೆ ಸಾಕಿತ್ತು, ಸಾಹುಕಾರ್ರು ಸಿಟ್ಟಲ್ಲಿ ಪೂರ್ತಿ ಮೀಟಿಂಗೇ ಬಿಟ್ಟು ಮೊಬೈಲ್ ಜೇಬಿಗೆ ಹಾಕಿದ್ರು. ಇದು ನೆನಪಿಟ್ಕೊಳ್ರಿ.

7 ಗಂಟೆ 4 ನಿಮಿಷ. ಕರೆಂಟ್ ಹೋಯ್ತು.

ಹಾಲ್‌ಗೆ ಯುಪಿಎಸ್ ಇದೆ, ಆದ್ರೆ ಅದು ಎರಡು ಟ್ಯೂಬ್‌ಲೈಟ್ ಒಂದು ಫ್ಯಾನಿಗೆ ಮಾತ್ರ, ವೈಫೈ ರೂಟರ್ ಲೈನ್‌ಗೆ ಕೊಟ್ಟಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಉರೀತಾ ಇದೆ, ನೆಟ್ ಸತ್ತಿದೆ, ಸ್ಕ್ರೀನ್‌ನಲ್ಲಿ ಮೂರು ಮುಖ ಬಾಯಿ ತೆರ್ಕೊಂಡು ಹಂಗೇ ನಿಂತ್ವು. ಅಧ್ಯಕ್ಷರು ಅದನ್ನ ನೋಡಿ, "ನೋಡ್ರಿ ಎಲ್ರೂ ಸುಮ್ನಿದಾರೆ, ಆಕ್ಷೇಪಣೆ ಇಲ್ಲ" ಅಂತ 86,000ದ ಕೊಟೇಶನ್ ಪಾಸ್ ಮಾಡಿಬಿಟ್ರು. ಮೌನಂ ಸಮ್ಮತಿ ಲಕ್ಷಣಂ ಅಂತ ಮೇಷ್ಟ್ರು ಮಂತ್ರ ಬೇರೆ ಹೇಳಿದ್ರು. ಹಾಲ್‌ನಲ್ಲಿ ಆಗ ಇದ್ದಿದ್ದು ನಾಲ್ಕು ಜನ. ಕೋರಂ ಆರು. ಶುರುನಲ್ಲಿ ಕೋರಂ ಇತ್ತಲ್ಲ ಅಂದ್ರೆ ಆಗಲ್ಲರಿ, ಕೈ ಎತ್ತೋ ಹೊತ್ತಲ್ಲಿ ಇರಬೇಕು. ಮದುವೆಲಿ ಅಕ್ಷತೆ ಹಾಕೋವಾಗ ಗಂಡು ಇರಬೇಕೋ ಬ್ಯಾಡ್ವೋ, ವರಪೂಜೆಗೆ ಬಂದಿದ್ದ ಅಂದ್ರೆ ನಡೆಯುತ್ತಾ?

ಇದು ಅರ್ಧ ಕತೆ. ಇನ್ನರ್ಧ ನಮಗೆ ಗೊತ್ತಾಗಿದ್ದು 7.23ಕ್ಕೆ ಕರೆಂಟ್ ಬಂದ್ಮೇಲೆ. ನಮಗೆ ಅವರು ಕಾಣ್ತಿಲ್ಲ ಅಂದ್ರೆ ಮೀಟಿಂಗ್ ನಿಂತಿದೆ ಅಂತ ನಾವು ಅಂದ್ಕೊಂಡಿದ್ವಿ, ಆದ್ರೆ ಅವರ ಕಡೆ ನಿಂತಿರ್ಲಿಲ್ಲ. ನಾವು ಬಳಸೋ ಆಪ್‌ನಲ್ಲಿ ಹೋಸ್ಟ್ ಲೈನ್ ಕಡಿದ್ರೆ ಒಳಗಿದ್ದ ಇನ್ನೊಬ್ರಿಗೆ ಹೋಸ್ಟ್ ಪಟ್ಟ ಹೋಗುತ್ತೆ. ಪಟ್ಟ ಉಪಾಧ್ಯಕ್ಷರಿಗೆ ಹೋಯ್ತು. ಎಷ್ಟು ವರ್ಷದ ಆಸೆ! ಹಿರಿಯೂರು ಹತ್ರ ಕಾರು ಸೈಡಿಗೆ ಹಾಕಿಸಿ, "ಅಧ್ಯಕ್ಷರ ಅನುಪಸ್ಥಿತಿಯಲ್ಲಿ ನಾನೇ ಅಧ್ಯಕ್ಷತೆ ವಹಿಸ್ತೀನಿ" ಅಂದು, ಮೋಟರ್ ವಿಷಯ ಮುಂದಿನ ತಿಂಗಳಿಗೆ ಮುಂದೂಡೋದು ಅಂತ ಮೂರೂ ಜನ ನಿರ್ಣಯ ಮಾಡಿ ಮುಗಿಸಿದ್ರು. ಅಲ್ಲೂ ಕೋರಂ ಇಲ್ಲ ಬಿಡ್ರಿ. ಒಟ್ನಲ್ಲಿ 19 ನಿಮಿಷ ನಮ್ಮ ಸಂಘದ ಎರಡು ಸಭೆ ಒಟ್ಟಿಗೆ ನಡೆದ್ವು, ಎರಡು ಅಧ್ಯಕ್ಷರು, ಎರಡು ನಿರ್ಣಯ, ಒಂದು ಕೊಂಡಿತು, ಇನ್ನೊಂದು ಮುಂದೂಡಿತು, ಎರಡೂ ಸರ್ವಾನುಮತ. ಇನ್ನೂ ಚಂದ ಏನು ಗೊತ್ತಾ, ರೆಕಾರ್ಡಿಂಗ್ ಕ್ಲೌಡ್‌ನಲ್ಲಿ ಆಗ್ತಿತ್ತು, ಹಂಗಾಗಿ ರೆಕಾರ್ಡ್ ಆಗಿರೋದು ಅವರ ಸಭೆ, ಹಾಲ್‌ನಲ್ಲಿ ನಾವು ಮಾಡಿದ್ದಕ್ಕೆ ಸೊಳ್ಳೆನೇ ಸಾಕ್ಷಿ.

ಸಾಹುಕಾರ್ರ ಜೇಬಲ್ಲಿ ಮೊಬೈಲ್ ಇತ್ತಲ್ಲ, ಅದು ಸಿಮ್ ಡೇಟಾ ಮೇಲೆ ನಡಿಯೋದು, ಅದನ್ನ ಹೊರಗೆ ತೆಗೆದಿದ್ರೆ 2 ನಿಮಿಷದಲ್ಲಿ ಎರಡೂ ಕಡೆ ಸೇರ್ತಿತ್ತು. ಯಾರಿಗೂ ಹೊಳೀಲಿಲ್ಲ, ನನಗೂ.

ನೆಟ್ ಬಂದ ತಕ್ಷಣ ಅಧ್ಯಕ್ಷರು "ಹಾಂ, ಕೇಳಿಸ್ತಿದೆಯಾ? ಮೋಟರ್ ಪಾಸಾಯ್ತು, ಎಲ್ರೂ ಓಕೆ ಅಲ್ವಾ" ಅಂದ್ರು. ಖಜಾಂಚಿ ಹೆಬ್ಬೆಟ್ಟು ಚಿತ್ರ ಒತ್ತಿದ್ರು. ಅದು ಒಪ್ಪಿಗೆನಾ, ಕೇಳಿಸ್ತಿದೆ ಅಂತನಾ, ಅವರಿಗೇ ಗೊತ್ತಿಲ್ಲ. ಅಕ್ಕೋರ ತುಟಿ ಜೋರಾಗಿ ಅಲ್ಲಾಡ್ತಿತ್ತು, ಕೈನೂ ಅಲ್ಲಾಡ್ತಿತ್ತು, ಮೈಕ್ ಗುರುತಿನ ಮೇಲೆ ಕೆಂಪು ಗೀಟು. "ಅಕ್ಕೋರೇ ಮ್ಯೂಟ್‌ನಲ್ಲಿದೀರಿ" ಅಂತ ನಾನು ಅನ್ನೋದ್ರೊಳಗೆ ಅಧ್ಯಕ್ಷರು "ವಂದನಾರ್ಪಣೆ" ಅಂದು ಲ್ಯಾಪ್‌ಟಾಪ್ ಮುಚ್ಚಿದ್ರು.

ಮಾರನೇ ದಿನ ಆಪ್ ಇಂದ ಹಾಜರಿ ರಿಪೋರ್ಟ್ ತೆಗೆದೆ. ಅದು ಮನುಷ್ಯರನ್ನ ಎಣಿಸಲ್ಲ, ಬಾಗಿಲು ತೆಗೆದಿದ್ದನ್ನ ಎಣಿಸುತ್ತೆ, ಒಬ್ಬರು ಎಷ್ಟು ಸಲ ಒಳಗೆ ಬಂದ್ರೋ ಅಷ್ಟು ಸಾಲು. ಉಪಾಧ್ಯಕ್ಷರದ್ದು 5 ಸಾಲು, ಅಕ್ಕೋರದ್ದು 2, ಖಜಾಂಚಿ 1, ಸಾಹುಕಾರ್ರ ಮೊಬೈಲ್ 1, ಹಾಲ್ ಲ್ಯಾಪ್‌ಟಾಪ್ 2, ಒಟ್ಟು 11. ಅಧ್ಯಕ್ಷರು ಅದಕ್ಕೆ ಹಾಲ್‌ನ 4 ಕೂಡಿಸಿ "15 ಜನ ಬಂದಿದ್ರು, ಏನ್ ಕೋರಂ ಕೋರಂ ಅಂತೀಯ" ಅಂದ್ರು. ಕಮಿಟಿಲಿ ಇರೋದೇ 11 ಜನ ಸರ್ ಅಂದೆ. "ನೋಡಿದ್ಯಾ, ಟೆಕ್ನಾಲಜಿ!" ಅಂದ್ರು.

ಆಮೇಲೆ ನಡಾವಳಿಗೆ ಹೇಳಿ ಬರೆಸೋಕೆ ಕೂತ್ರು: "ಸ್ವಲ್ಪ ತಾಂತ್ರಿಕ ಅಡಚಣೆಯ ನಡುವೆಯೂ ಸಭೆ ಯಶಸ್ವಿಯಾಗಿ ಜರುಗಿ ಮೋಟರ್ ಖರೀದಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು." ಈ "ಸ್ವಲ್ಪ ತಾಂತ್ರಿಕ ಅಡಚಣೆ" ಇದೆಯಲ್ಲ, ಇದು ನಮ್ಮ ಕಾಲದ ದೊಡ್ಡ ಕಂಬಳಿ ಕಣ್ರಿ. ಅದರೊಳಗೆ 19 ನಿಮಿಷ, ಎರಡು ಸಭೆ, ಒಂದು ಆಕ್ಷೇಪಣೆ ಎಲ್ಲ ಬೆಚ್ಚಗೆ ಮಲಗಿರ್ತವೆ.

ನಾನು ಬರ್ದಿದ್ದು ಇಷ್ಟು: "ಖುದ್ದು ಹಾಜರು 4, ವಿಡಿಯೋ ಮೂಲಕ 3. ಸಂಜೆ 7.04ಕ್ಕೆ ವಿದ್ಯುತ್ ಹೋಗಿ ಹಾಲ್‌ನ ಸಂಪರ್ಕ ಕಡಿತ. ಆಗ ಹಾಲ್‌ನಲ್ಲಿ 4, ಆನ್‌ಲೈನ್‌ನಲ್ಲಿ 3, ಎರಡೂ ಕಡೆ ಕೋರಂ ಇಲ್ಲ. 7.23ಕ್ಕೆ ಸಂಪರ್ಕ ಮರಳಿತು. ಮತ್ತೆ ಹಾಜರಿ ಕರೆಯಲಿಲ್ಲ, ಹೆಸರು ಕರೆದು ಮತ ಕೇಳಲಿಲ್ಲ. ಮೋಟರ್ ವಿಷಯ ತೀರ್ಮಾನವಾಗಿಲ್ಲ." ಕಾರು, ಅತ್ತೆ, ಟರ್ ಟರ್ ಯಾವುದೂ ಬರೀಲಿಲ್ಲ, ಯಾರ ನೆಟ್ ಎಷ್ಟು ಸಲ ಸತ್ತಿತು ಅನ್ನೋದು ಮತಕ್ಕೆ ಸಂಬಂಧ ಇಲ್ದಿದ್ರೆ ನಡಾವಳಿಗೆ ಬ್ಯಾಡ. ಅಧ್ಯಕ್ಷರು ಓದಿ ಕನ್ನಡಕ ತೆಗೆದಿಟ್ರು. "ತಮ್ಮಾ, ಇದು ನಡಾವಳಿನೋ ಎಫ್‌ಐಆರೋ?"

ಮೊನ್ನೆ ಅಕ್ಕೋರು ಕೋಲು ಊರ್ಕೊಂಡು ನಮ್ಮ ಮನೆಗೇ ಬಂದ್ರು, ಹಾಜರಿಗೆ ಸಹಿ ಹಾಕೋಕೆ, ಅಧ್ಯಕ್ಷರು ಕಳಿಸಿದ್ರಂತೆ. ಅಲ್ಲಕ್ಕ, ಖುದ್ದು ಬಂದೋರ ಸಾಲಲ್ಲಿ ಈಗ ಸಹಿ ಹಾಕಿದ್ರೆ ನೀವು ಅವತ್ತು ಹಾಲ್‌ಗೆ ಬಂದಂಗೆ ಆಗುತ್ತೆ, ನಿಮ್ಮ ಹೆಸ್ರಿನ ಮುಂದೆ "ವಿಡಿಯೋ ಮೂಲಕ" ಅಂತ ನಾನೇ ಬರ್ದಿದೀನಿ, ಸಹಿ ಬೇಕಿಲ್ಲ ಅಂದೆ. ಪುಸ್ತಕ ತಿರುಗಿಸಿ ನೋಡಿದ್ರು, ನನ್ನ ಪೆನ್ನು ಇಸ್ಕೊಂಡ್ರು, ಷರಾ ಕಾಲಂನಲ್ಲಿ ದಪ್ಪ ಅಕ್ಷರದಲ್ಲಿ ಬರೆದ್ರು: "ಬ್ಯಾಡ ಅಂದಿದ್ದೆ."