ಒಂದೇ ಅಂಗಡಿಯ ವಾಲೆಟ್‌ಗೆ ದುಡ್ಡು ಹಾಕುವ ಮುಂಚೆ

ನಮ್ಮ ಏರಿಯಾದ ಸಲೂನ್ ಚೈನ್ ಒಂದು ಆಫರ್ ಬಿಟ್ಟಿದೆ. 10,000 ಕಟ್ಟಿದರೆ ಅವರ ಆ್ಯಪ್‌ನ ವಾಲೆಟ್‌ಗೆ 12,500 ಬರುತ್ತಂತೆ. ಅತ್ತಿಗೆ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ, "ಹೇಗೂ ಫೋನ್‌ನಲ್ಲಿ ಒಂದು ವಾಲೆಟ್ ಇದ್ದೇ ಇದೆ, ಅದರಲ್ಲಿ ದುಡ್ಡು ಸುಮ್ಮನೆ ಕೂತಿರೋ ಬದಲು ಇಲ್ಲಿ ಹಾಕಿದ್ರೆ ಎರಡೂವರೆ ಸಾವಿರ ಲಾಭ ಅಲ್ವಾ?" ಅಂತ ಕೇಳಿದರು. ಗ್ರೂಪಿನಲ್ಲಿ ಟೈಪ್ ಮಾಡಲು ಶುರು ಮಾಡಿದ ಉತ್ತರ ಉದ್ದವಾಗಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡನ್ನೂ ವಾಲೆಟ್ ಅಂತಲೇ ಕರೆಯುತ್ತಾರೆ, ಎರಡರಲ್ಲೂ ಬ್ಯಾಲೆನ್ಸ್ ಕಾಣುತ್ತದೆ, ಎರಡಕ್ಕೂ ಯುಪಿಐನಿಂದಲೇ ದುಡ್ಡು ಹಾಕುತ್ತೇವೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಇವೆರಡಕ್ಕೂ ಸಂಬಂಧವೇ ಇಲ್ಲ. ಪ್ರೀಪೇಯ್ಡ್ ವಾಲೆಟ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಒಂದು ಸಂಸ್ಥೆ ತನ್ನದೇ ಸರಕು ಅಥವಾ ಸೇವೆ ಕೊಳ್ಳುವುದಕ್ಕೆ ಮಾತ್ರ ಕೊಡುವ ವಾಲೆಟ್ 'ಕ್ಲೋಸ್ಡ್' ವಾಲೆಟ್. ಅದರಿಂದ ನಗದು ತೆಗೆಯುವಂತಿಲ್ಲ, ಬೇರೆಯವರಿಗೆ ಪಾವತಿ ಮಾಡುವಂತಿಲ್ಲ. ಹಾಗಾಗಿ ಅದು ಪಾವತಿ ವ್ಯವಸ್ಥೆಯೇ ಅಲ್ಲ, ಅದನ್ನು ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿಯೂ ಬೇಡ. ನಾಳೆ ಬೆಳಿಗ್ಗೆ ನಾನೊಂದು ಬೇಕರಿ ತೆರೆದು, ಸಂಜೆಯೊಳಗೆ ಅದಕ್ಕೊಂದು ವಾಲೆಟ್ ಮಾಡಿ ನಿಮ್ಮಿಂದ ದುಡ್ಡು ತುಂಬಿಸಿಕೊಳ್ಳಬಹುದು. ಯಾರನ್ನೂ ಕೇಳಬೇಕಿಲ್ಲ.

ಎಲ್ಲ ಕಡೆ ನಡೆಯುವ ವಾಲೆಟ್ ಹಾಗಲ್ಲ. ಅದನ್ನು ಕೊಡುವುದು ಒಂದೋ ಬ್ಯಾಂಕ್ ಆಗಿರಬೇಕು, ಇಲ್ಲವೇ 2007ರ ಪಾವತಿ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನಿಂದ ಪರವಾನಗಿ ಪಡೆದ ಕಂಪನಿಯಾಗಿರಬೇಕು. ಬ್ಯಾಂಕ್ ಅಲ್ಲದ ಕಂಪನಿಯಾದರೆ, ಜನರ ವಾಲೆಟ್‌ಗಳಲ್ಲಿರುವ ಒಟ್ಟು ಮೊತ್ತವನ್ನು ಒಂದು ಷೆಡ್ಯೂಲ್ಡ್ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕು. ಎಸ್ಕ್ರೋ ಅಂದರೆ ಕಂಪನಿಯ ಹೆಸರಲ್ಲಿದ್ದರೂ ಕಂಪನಿ ಮನಸ್ಸಿಗೆ ಬಂದಂತೆ ಕೈಹಾಕಲಾಗದ ಖಾತೆ. ವ್ಯಾಪಾರಿಗಳಿಗೆ ಪಾವತಿ, ನಮಗೆ ರೀಫಂಡ್, ಇಂಥ ಗೊತ್ತುಮಾಡಿದ ಕೆಲಸಗಳಿಗೆ ಮಾತ್ರ ಅಲ್ಲಿಂದ ಹಣ ಹೊರಡುತ್ತದೆ. ಅದನ್ನು ತೋರಿಸಿ ಬ್ಯಾಂಕಿನಿಂದ ಸಾಲ ಎತ್ತುವಂತಿಲ್ಲ. ಪ್ರತಿದಿನದ ಕೊನೆಗೆ, ನಮ್ಮೆಲ್ಲರ ಆ್ಯಪ್‌ಗಳಲ್ಲಿ ಕಾಣುವ ಬ್ಯಾಲೆನ್ಸ್ ಕೂಡಿದರೆ ಎಷ್ಟಾಗುತ್ತದೋ ಅದಕ್ಕಿಂತ ಕಡಿಮೆ ದುಡ್ಡು ಆ ಖಾತೆಯಲ್ಲಿ ಇರಬಾರದು.

ಸಲೂನಿಗೆ ಕಟ್ಟಿದ 10,000ಕ್ಕೆ ಇಂಥ ಯಾವ ಬೇಲಿಯೂ ಇಲ್ಲ. ಅದು ನೇರವಾಗಿ ಅವರ ಕರೆಂಟ್ ಅಕೌಂಟಿಗೆ ಹೋಗುತ್ತದೆ. ಆ ತಿಂಗಳ ಬಾಡಿಗೆಗೋ ಹೊಸ ಬ್ರಾಂಚಿನ ಇಂಟೀರಿಯರ್‌ಗೋ ಖರ್ಚಾದರೂ ಆಶ್ಚರ್ಯವಿಲ್ಲ, ಅದರಲ್ಲಿ ಕಾನೂನಿನ ತಪ್ಪೂ ಇಲ್ಲ. ನಾವು ಬ್ಯಾಲೆನ್ಸ್ ಅಂತ ನೋಡುವ ಸಂಖ್ಯೆ ನಮ್ಮ ದುಡ್ಡಲ್ಲ, "ಇಷ್ಟು ಬೆಲೆಯ ಸೇವೆ ಮುಂದೆ ಕೊಡುತ್ತೇವೆ" ಅನ್ನುವ ಮಾತು. ಅತ್ತಿಗೆ ಸಲೂನಿಗೆ ಸಾಲ ಕೊಡುತ್ತಿದ್ದಾರೆ, ಅದೂ ಅಡವಿಲ್ಲದೆ.

ಅಂಗಡಿ ಚೆನ್ನಾಗಿ ನಡೆಯುವವರೆಗೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಮುಚ್ಚಿದ ದಿನ ಏನಾಗುತ್ತದೆ ನೋಡಿ. ಅತ್ತಿಗೆ 10,000 ಕಟ್ಟಿ, 12,500ರಲ್ಲಿ 3,000 ಬಳಸಿದ್ದಾರೆ ಅಂದುಕೊಳ್ಳೋಣ. ಆ್ಯಪ್‌ನಲ್ಲಿ 9,500 ಕಾಣುತ್ತಿದೆ. ಕಂಪನಿ ದಿವಾಳಿ ಅರ್ಜಿ ಹಾಕಿತು. ಬೋನಸ್ ಬಿಡಿ, ಅದು ಮೊದಲಿಂದಲೂ ಬರೀ ಅಂಕಿ. ಕೈಯಿಂದ ಹೋದ ನಿಜವಾದ ದುಡ್ಡಿಗೇ ಕ್ಲೇಮ್ ಹಾಕಿ ಸಾಲಿನಲ್ಲಿ ನಿಲ್ಲಬೇಕು. ಆಸ್ತಿ ಮಾರಿ ಬಂದ ಹಣದಲ್ಲಿ ದಿವಾಳಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ, ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು, ಉಳಿದ ಸಿಬ್ಬಂದಿಯ ಸಂಬಳ, ಅಡವಿಲ್ಲದೆ ಸಾಲ ಕೊಟ್ಟ ಹಣಕಾಸು ಸಂಸ್ಥೆಗಳು, ಸರ್ಕಾರದ ಬಾಕಿ, ಇವೆಲ್ಲ ಆದ ಮೇಲೆ ಏನಾದರೂ ಮಿಕ್ಕಿದರೆ ನಮ್ಮಂಥವರ ಸರದಿ. (ಫ್ಲ್ಯಾಟ್ ಬುಕ್ ಮಾಡಿ ಕೈಸುಟ್ಟುಕೊಂಡವರ ಗಲಾಟೆಯಿಂದ 2018ರಲ್ಲಿ ಕಾಯ್ದೆ ತಿದ್ದಿ ಮನೆ ಕೊಳ್ಳುವವರಿಗೆ ಮೇಲಿನ ಸ್ಥಾನ ಕೊಟ್ಟರು. ಹೇರ್‌ಕಟ್ ಮುಂಗಡ ಕೊಟ್ಟವರಿಗಾಗಿ ಯಾರು ಗಲಾಟೆ ಮಾಡುತ್ತಾರೆ!)

ಇದು ಬರೀ ಊಹೆಯಲ್ಲ. ಗೋ ಫಸ್ಟ್ ವಿಮಾನಯಾನ 2023ರ ಮೇ 3ರಿಂದ ಹಾರಾಟ ನಿಲ್ಲಿಸಿತು, ಅದೇ ತಿಂಗಳು ದಿವಾಳಿ ಪ್ರಕ್ರಿಯೆ ಶುರುವಾಯಿತು. ಮುಂಗಡ ಟಿಕೆಟ್ ಕೊಂಡಿದ್ದವರು ರೀಫಂಡ್‌ಗಾಗಿ ಕ್ಲೇಮ್ ಹಾಕಬೇಕಾಯಿತು. 2025ರ ಜನವರಿಯಲ್ಲಿ ಕಂಪನಿಯನ್ನು ಬರಖಾಸ್ತು ಮಾಡಲು ಆದೇಶ ಬಂತು. ಅದು ವಾಲೆಟ್ ಅಲ್ಲ, ಟಿಕೆಟ್ ದುಡ್ಡು, ಒಪ್ಪುತ್ತೇನೆ. ಆದರೆ ಒಂದೇ ಕಂಪನಿಗೆ ಮುಂಗಡ ಕೊಟ್ಟು ಸೇವೆಗೆ ಕಾದವರ ಸ್ಥಾನ ಎರಡೂ ಕಡೆ ಅದೇ.

ಇದರ ಪಕ್ಕದಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಪ್ರಕರಣ ಇಟ್ಟು ನೋಡಿ. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ಕ್ರಮ ಕೈಗೊಂಡಿತು. ಕೊನೆಗೆ ಮಾರ್ಚ್ 15ರ ನಂತರ ಅದರ ವಾಲೆಟ್‌ಗಳಿಗೆ ಹೊಸದಾಗಿ ದುಡ್ಡು ತುಂಬುವಂತಿಲ್ಲ ಅಂತಾಯಿತು. ಆ ಫೆಬ್ರವರಿಯಲ್ಲಿ ಎಷ್ಟು ಗಾಬರಿಯಿತ್ತು ಅಂತ ನೆನಪಿರಬಹುದು. ಆದರೆ ಅದೇ ಆದೇಶದಲ್ಲಿ, ಗ್ರಾಹಕರು ಇರುವ ಬ್ಯಾಲೆನ್ಸ್ ಬಳಸುವುದಕ್ಕೆ, ತೆಗೆಯುವುದಕ್ಕೆ ಯಾವ ತಡೆಯೂ ಇರಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. ಕಂಪನಿಯ ಕೈಕಟ್ಟಿದರೂ ಗ್ರಾಹಕರ ದುಡ್ಡು ಗ್ರಾಹಕರದೇ ಆಗಿ ಉಳಿಯಿತು. ಮೇಲೊಬ್ಬ ಯಜಮಾನ ಇದ್ದಾನೆ ಅನ್ನುವುದರ ಅರ್ಥ ಇದು.

ಇನ್ನು ಬೋನಸ್‌ನ ಲೆಕ್ಕ. ಅತ್ತಿಗೆಗೆ ಸಲೂನಿನ ಖರ್ಚು ತಿಂಗಳಿಗೆ 800 ಅಂತಿಟ್ಟುಕೊಳ್ಳಿ. 12,500 ಮುಗಿಯಲು ಹದಿನೈದು ತಿಂಗಳು ದಾಟುತ್ತದೆ. ಆಫರಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ವ್ಯಾಲಿಡಿಟಿ ಒಂದು ವರ್ಷ ಅಂತಿದೆ. ವರ್ಷಕ್ಕೆ ಬಳಕೆಯಾಗುವುದು 9,600. ಮಿಕ್ಕ 2,900 ಗೋವಿಂದ. ಅಂದರೆ 10,000 ಕೊಟ್ಟು 9,600ರ ಸೇವೆ ಪಡೆದ ಹಾಗಾಯಿತು. ಲಾಭ ಹೋಗಿ 400 ನಷ್ಟ. ಅದನ್ನು ತಪ್ಪಿಸಲು ಬೇಡದ ಫೇಶಿಯಲ್ ಮಾಡಿಸಿಕೊಳ್ಳುತ್ತೇವೆ, ಅದು ಅವರಿಗೆ ಮೊದಲೇ ಗೊತ್ತು.

ಹೀಗೆ ಬಳಸದೆ ಉಳಿದು ಕಂಪನಿಗೇ ದಕ್ಕುವ ಹಣಕ್ಕೆ ಲೆಕ್ಕಪತ್ರದಲ್ಲಿ ಬ್ರೇಕೇಜ್ ಅನ್ನುತ್ತಾರೆ. ಅಮೆರಿಕದ ಸ್ಟಾರ್‌ಬಕ್ಸ್ ತನ್ನ ಕಾರ್ಡು ಮತ್ತು ಆ್ಯಪ್‌ಗಳಲ್ಲಿ ಜನ ಹಾಕಿಟ್ಟು ಮುಂದೆಂದೂ ಬಳಸಲಾರರು ಅಂತ ಅಂದಾಜಿಸಿದ ಹಣದಿಂದ 2023ರ ಆರ್ಥಿಕ ವರ್ಷದಲ್ಲಿ 20 ಕೋಟಿ ಡಾಲರಿಗೂ ಹೆಚ್ಚು ಆದಾಯ ತೋರಿಸಿದೆ. ಒಂದು ಲೋಟ ಕಾಫಿಯನ್ನೂ ಸೋಸದೆ! ನಮ್ಮಲ್ಲಿ ಪರವಾನಗಿಯ ವಾಲೆಟ್‌ಗಳಿಗೆ ಇದರ ಮೇಲೂ ಹಿಡಿತವಿದೆ. ಕೊನೆಯ ಬಾರಿ ದುಡ್ಡು ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ಅವಧಿ ಕೊಡಬೇಕು, ಮುಗಿಯುವ ಮುಂಚೆ ನಮಗೆ ತಿಳಿಸಬೇಕು, ಮುಗಿದ ಮೇಲೂ ಕನಿಷ್ಠ ಮೂರು ವರ್ಷ ಆ ಹಣವನ್ನು ಲಾಭಕ್ಕೆ ಸೇರಿಸಿಕೊಳ್ಳುವಂತಿಲ್ಲ. ಸಲೂನ್ ಮಾತ್ರ ವರ್ಷ ತುಂಬಿದ ಮಾರನೇ ದಿನವೇ ಸೊನ್ನೆ ಮಾಡಬಹುದು.

ನನಗೆ ಆಫರ್‌ಗಳಿಗಿಂತ ಸಿಟ್ಟು ಬರುವುದು ರೀಫಂಡ್ ವಿಷಯಕ್ಕೆ. ಆಫರಿಗೆ ನಾವೇ ಆಸೆಪಟ್ಟು ಹೋಗಿರುತ್ತೇವೆ. ರೀಫಂಡ್‌ನಲ್ಲಿ ಹಾಗಲ್ಲ. ಬ್ಯಾಂಕಿನಿಂದ ಹೋದ ದುಡ್ಡು, ವಸ್ತು ವಾಪಸ್ ಕೊಟ್ಟಾಗ ಆ ಬ್ರ್ಯಾಂಡಿನ ವಾಲೆಟ್‌ಗೆ ಬಂದು ಕೂರುತ್ತದೆ. ಸ್ಕ್ರೀನಿನಲ್ಲಿ 'ತಕ್ಷಣ ವಾಲೆಟ್‌ಗೆ' ಅನ್ನುವುದು ದೊಡ್ಡ ಹಸಿರು ಬಟನ್, 'ಬ್ಯಾಂಕಿಗೆ, ಐದಾರು ದಿನ' ಅನ್ನುವುದು ಮಸುಕು ಅಕ್ಷರ. ಕೋವಿಡ್ ಸಮಯದಲ್ಲಿ ವಿಮಾನ ಕಂಪನಿಗಳು ರದ್ದಾದ ಟಿಕೆಟ್‌ಗಳ ದುಡ್ಡನ್ನು ವಾಪಸ್ ಕೊಡದೆ, ಮುಂದೆ ಅವರಲ್ಲೇ ಟಿಕೆಟ್ ಕೊಳ್ಳಲು ಬಳಸುವ 'ಕ್ರೆಡಿಟ್ ಶೆಲ್'ನಲ್ಲಿ ಹಿಡಿದಿಟ್ಟಾಗ ಆಗಿದ್ದೂ ಇದೇ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಅಕ್ಟೋಬರ್ 1ರ ಆದೇಶದಲ್ಲಿ ಕೋರ್ಟು, ಕಷ್ಟದಲ್ಲಿರುವ ಕಂಪನಿಗಳು ಕ್ರೆಡಿಟ್ ಶೆಲ್ ಕೊಡಬಹುದು, ಆದರೆ ಅದರ ಮೌಲ್ಯ ತಿಂಗಳಿಗೆ ಅರ್ಧ ಪರ್ಸೆಂಟ್, ಮುಂದೆ ಮುಕ್ಕಾಲು ಪರ್ಸೆಂಟ್ ಏರುತ್ತಾ ಹೋಗಬೇಕು, ಬೇರೆಯವರಿಗೂ ವರ್ಗಾಯಿಸಲು ಬರಬೇಕು, 2021ರ ಮಾರ್ಚ್ 31ರೊಳಗೆ ಬಳಸದಿದ್ದರೆ ನಗದು ವಾಪಸ್ ಕೊಡಬೇಕು ಅಂದಿತು. ಇಟ್ಟುಕೊಂಡ ದುಡ್ಡಿಗೆ ಬಡ್ಡಿ ಕಟ್ಟಿ ಅಂತ ಹೇಳಿದ ಹಾಗೇ ಅಲ್ಲವೇ?

ಯಾವುದು ಯಾವ ಜಾತಿಯ ವಾಲೆಟ್ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಆ್ಯಪ್‌ನ ಟರ್ಮ್ಸ್ ತೆರೆದು, ವಾಲೆಟ್ ಕೊಡುತ್ತಿರುವವರು ಯಾರು ಅಂತ ನೋಡಿ. ಮೇಲೆ ಕಾಣುವ ಬ್ರ್ಯಾಂಡ್ ಬೇರೆ, ಹಿಂದಿರುವ ಪರವಾನಗಿದಾರ ಬೇರೆ ಆಗಿರಬಹುದು. ಪರವಾನಗಿ ಇರುವವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇದೆ. ಇನ್ನೊಂದು ಗುರುತು ಕೆವೈಸಿ. ಪೂರ್ತಿ ಕೆವೈಸಿ ಕೊಟ್ಟರೆ 2 ಲಕ್ಷದವರೆಗೆ ಇಡಬಹುದು, ಬ್ಯಾಂಕಿಗೆ ವರ್ಗಾಯಿಸಬಹುದು. ಅರೆಬರೆ ಕೆವೈಸಿಯಾದರೆ 10,000ದ ಮಿತಿ, ಖರೀದಿಗೆ ಮಾತ್ರ. ಆದರೂ ವಾಲೆಟ್ ಮುಚ್ಚಿದರೆ ಉಳಿದ ಹಣ ವಾಪಸ್ ಬರಬೇಕು. ಆಧಾರ್, ಪ್ಯಾನ್ ಯಾವುದನ್ನೂ ಕೇಳದೆ "ಹಾಕಿ ಹಾಕಿ" ಅನ್ನುವ ಆ್ಯಪ್ ಸಾಮಾನ್ಯವಾಗಿ ಕ್ಲೋಸ್ಡ್. ಕೆವೈಸಿ ತಲೆನೋವು ಅಂತ ನಾವು ಗೊಣಗುತ್ತೇವಲ್ಲ, ಆ ತಲೆನೋವಿನ ಜೊತೆಗೇ ದೂರು ಕೊಡುವ ಜಾಗವೂ ಬರುತ್ತದೆ. ಪರವಾನಗಿಯ ವಾಲೆಟ್‌ನವರು ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಸಲೂನಿನ ವಿರುದ್ಧವಾದರೆ ಗ್ರಾಹಕ ಸಹಾಯವಾಣಿ 1915, ಅದೂ ಆಗದಿದ್ದರೆ ಗ್ರಾಹಕ ಆಯೋಗ.

ಹಾಗಂತ ಕ್ಲೋಸ್ಡ್ ವಾಲೆಟ್ ಎಲ್ಲಾ ಕೆಟ್ಟದ್ದು ಅಂತಲ್ಲ. ಆಫೀಸ್ ಕ್ಯಾಂಟೀನಿನ ಕಾರ್ಡಿಗೆ 300 ಹಾಕಿದರೆ ವಾರದೊಳಗೆ ಹೊಟ್ಟೆಗೆ ಹೋಗಿರುತ್ತದೆ. ನಮ್ಮ ಮೆಟ್ರೋದ ಹಳೇ ಸ್ಮಾರ್ಟ್ ಕಾರ್ಡೂ ಮೆಟ್ರೋ ಗೇಟಿಗೆ ಮಾತ್ರವೇ, ಆದರೆ ದಿನಾ ಓಡಾಡುವವರಿಗೆ ಅದರಲ್ಲಿ ಟಿಕೆಟ್ ರಿಯಾಯಿತಿ ಇದೆ, ಮೆಟ್ರೋ ರಾತ್ರೋರಾತ್ರಿ ಬಾಗಿಲು ಹಾಕುವುದೂ ಇಲ್ಲ. ನಾನು ನೋಡುವುದು ಎರಡನ್ನೇ: ಹಾಕಿದ ದುಡ್ಡು ಎಷ್ಟು ಬೇಗ ಖಾಲಿಯಾಗುತ್ತದೆ, ಆ ಅಂಗಡಿ ಅಲ್ಲಿಯವರೆಗೆ ಇರುತ್ತದೆಯೇ. ಒಂದು ತಿಂಗಳ ಖರ್ಚಿಗಿಂತ ಹೆಚ್ಚು ಹಾಕುವುದಿಲ್ಲ. ರೀಫಂಡ್ ಅನ್ನಂತೂ ಐದಾರು ದಿನ ಕಾದು ಬ್ಯಾಂಕಿಗೇ ಹಾಕಿಸಿಕೊಳ್ಳುತ್ತೇನೆ.

ಎಸ್ಕ್ರೋ ನಿಯಮವನ್ನು ಕ್ಲೋಸ್ಡ್ ವಾಲೆಟ್‌ಗಳಿಗೂ ತರಬೇಕು ಅಂದರೆ, ಸಣ್ಣ ಕ್ಯಾಂಟೀನಿನವನೂ ಆಡಿಟರ್ ಹಿಂದೆ ಅಲೆಯಬೇಕಾಗುತ್ತದೆ ಅಂತ ಗೆಳೆಯರೊಬ್ಬರು ವಾದಿಸಿದರು. ಅದು ನಿಜ. ಹಾಗಾದರೆ ಒಂದು ಮಿತಿ ಇಡಲಿ. ಗ್ರಾಹಕರಿಂದ ಕೋಟಿಗಟ್ಟಲೆ ಮುಂಗಡ ತುಂಬಿಸಿಕೊಳ್ಳುವ ಚೈನ್‌ಗಳು ಅದರಲ್ಲಿ ಒಂದು ಪಾಲನ್ನಾದರೂ ಬೇರೆ ಖಾತೆಯಲ್ಲಿ ಇಡಲಿ, ರೀಫಂಡ್‌ಗೆ ಬ್ಯಾಂಕ್ ಖಾತೆಯೇ ಮೊದಲ ಆಯ್ಕೆಯಾಗಿರಲಿ. ಮಸುಕು ಅಕ್ಷರ ಬೇಕಿದ್ದರೆ ವಾಲೆಟ್‌ನ ಆಯ್ಕೆಗೆ ಬಳಸಿಕೊಳ್ಳಲಿ.