ಠೇವಣಿ ಇದ್ದರೆ ಸಾಲ ಸಿಗಲೇಬೇಕಾ?

"ಅಡಿಕೆ ದುಡ್ಡಿನಿಂದ ತೀರ್ಥಹಳ್ಳಿ, ಸಾಗರದ ಶಾಖೆಗಳಲ್ಲಿ ಠೇವಣಿ ತುಂಬಿದೆ. ಆದರೂ ಪರ್ಸನಲ್ ಲೋನ್‌ಗೆ ಸತಾಯಿಸುತ್ತಾರೆ."

ಸತಾಯಿಸುವುದು ನಿಜ. ಆದರೆ ಠೇವಣಿ ಎಷ್ಟಿದ್ದರೂ ಅದು ಬ್ಯಾಂಕ್ ನಮಗೆ ವಾಪಸ್ ಕೊಡಬೇಕಾದ ದುಡ್ಡು, ಅದರ ಬಂಡವಾಳ, ಅಂದರೆ ಬ್ಯಾಂಕಿನ ಸ್ವಂತ ದುಡ್ಡು, ಅಲ್ಲ. ಸಾಲಕ್ಕೆ ಮಿತಿ ಹಾಕುವುದು ಬಂಡವಾಳ. ವಾಣಿಜ್ಯ ಬ್ಯಾಂಕುಗಳು ಪ್ರತಿ ಸಾಲಕ್ಕೂ ಅದು ಮುಳುಗುವ ಅಪಾಯಕ್ಕೆ ತಕ್ಕ ತೂಕ ಹಾಕಿ, ಬಂದ ಮೊತ್ತದ ಮೇಲೆ ಕನಿಷ್ಠ 9%, ಜೊತೆಗೆ 2.5% ಮೀಸಲು, ಒಟ್ಟು 11.5% ಬಂಡವಾಳ ಇಟ್ಟಿರಬೇಕು.

ಶಿವಮೊಗ್ಗದಲ್ಲಿ ಮನೆ ಕಟ್ಟಲು 10 ಲಕ್ಷ ಕೊಟ್ಟರೆ ತೂಕ 35% (ಸಾಲ ಮನೆ ಬೆಲೆಯ 80% ಮೀರದಿದ್ದರೆ). ಅಂದರೆ ಲೆಕ್ಕಕ್ಕೆ ಬರುವುದು ಮೂರೂವರೆ ಲಕ್ಷ, ಬೇಕಾದ ಬಂಡವಾಳ ಸುಮಾರು 40 ಸಾವಿರ. ಅಡಮಾನ ಇಲ್ಲದ ಪರ್ಸನಲ್ ಲೋನ್‌ನ ತೂಕವನ್ನು 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ 100ರಿಂದ 125%ಗೆ ಏರಿಸಿತು. ಅದೇ 10 ಲಕ್ಷ ಈಗ ಹನ್ನೆರಡೂವರೆ ಲಕ್ಷ ಆಯಿತು, ಬಂಡವಾಳ 1.44 ಲಕ್ಷದ ಹತ್ತಿರ. ಒಂದು ಪರ್ಸನಲ್ ಲೋನ್ ಜಾಗದಲ್ಲಿ ಮೂರು ಮನೆ ಸಾಲ ಹಿಡಿಯುತ್ತೆ, ಅಲ್ವಾ? ಒಡವೆ ಸಾಲಕ್ಕೆ ಆ ಏರಿಕೆ ತಟ್ಟಲಿಲ್ಲ. ಮ್ಯಾನೇಜರ್ ಸುಮ್ನೆ "ಚಿನ್ನ ಇದೆಯಾ" ಅಂತ ಕೇಳುವುದಿಲ್ಲ.

ಹಳೇ ಸಾಲ ಮುಳುಗಿದರೆ ಇನ್ನೂ ಕಷ್ಟ. ಆ ನಷ್ಟ ನೇರವಾಗಿ ಬಂಡವಾಳ ತಿನ್ನುತ್ತದೆ. ಠೇವಣಿ ಜಾಸ್ತಿಯಾದರೂ ಆ ಗುಂಡಿ ಮುಚ್ಚುವುದಿಲ್ಲ; ಹೊಸ ಷೇರು ಬಂಡವಾಳ ಅಥವಾ ಉಳಿಸಿಕೊಂಡ ಲಾಭವೇ ಬೇಕು.